ಇಪ್ಪತ್ತಾರು ಗಂಟೆ ಅಗಲದ ಭೂಮಿ

ಬೆಂಗಳೂರಿನಲ್ಲಿ ಮಂಗಳವಾರ ಮಧ್ಯಾಹ್ನ ಮೂರೂವರೆ ಎಂದುಕೊಳ್ಳಿ. ಪೆಸಿಫಿಕ್ ಸಾಗರದ ನಡುವೆ, ಸಮಭಾಜಕ ವೃತ್ತಕ್ಕೆ ಹತ್ತಿರದಲ್ಲಿರುವ ಕಿರಿಟಿಮಾಟಿ ದ್ವೀಪದಲ್ಲಿ ಆ ಹೊತ್ತಿಗೆ ಸರಿಯಾಗಿ ಬುಧವಾರ ಹುಟ್ಟುತ್ತದೆ. ಅದೇ ಸಾಗರದ ಅಮೆರಿಕನ್ ಸಮೋವಾದಲ್ಲಿ ಇನ್ನೂ ಸೋಮವಾರ ರಾತ್ರಿ ಹನ್ನೊಂದು ಗಂಟೆ. ಭೂಮಿಯ ಮೇಲೆ ಒಂದೇ ಗಳಿಗೆಯಲ್ಲಿ ಮೂರು ವಾರಗಳು, ಮೂರು ತಾರೀಖುಗಳು. ಇದು ವರ್ಷಕ್ಕೊಮ್ಮೆ ನಡೆಯುವ ವಿಶೇಷವಲ್ಲ, ದಿನವೂ ನಡೆಯುವ ಸಂಗತಿ.

ದಿನಕ್ಕೆ ಇಪ್ಪತ್ನಾಲ್ಕೇ ಗಂಟೆ ಇರುವಾಗ ಮೂರು ತಾರೀಖು ಹೇಗೆ ಬಂದವು? ಜಗತ್ತಿನ ಗಡಿಯಾರಗಳನ್ನು ಯುಟಿಸಿ ಎಂಬ ಒಂದು ಮೂಲ ಸಮಯಕ್ಕೆ ಹೋಲಿಸಿ ಹೇಳುವುದು ರೂಢಿ. ಭಾರತ ಅದಕ್ಕಿಂತ ಐದೂವರೆ ಗಂಟೆ ಮುಂದೆ, ಅಂದರೆ +5:30. ಈ ಅಂತರದ ಅಂಕಿಗಳು ಒಂದು ತುದಿಯಲ್ಲಿ ಮೈನಸ್ ಹನ್ನೆರಡಕ್ಕೆ, ಇನ್ನೊಂದು ತುದಿಯಲ್ಲಿ ಪ್ಲಸ್ ಹದಿನಾಲ್ಕಕ್ಕೆ ನಿಲ್ಲುತ್ತವೆ. ಕೂಡಿದರೆ ಇಪ್ಪತ್ತಾರು ಗಂಟೆ. ಭೂಮಿ ತಿರುಗುವುದಕ್ಕೆ ಬೇಕಾದ ಹೊತ್ತಿಗಿಂತ ಎರಡು ಗಂಟೆ ಹೆಚ್ಚು. ಆ ಎರಡು ಗಂಟೆಯನ್ನು ಸೂರ್ಯ ಕೊಟ್ಟದ್ದಲ್ಲ, ಮನುಷ್ಯರು ಸೇರಿಸಿದ್ದು. ಸೇರಿಸಿದ ದೇಶ ಕಿರಿಬಾಸ್. ನಕ್ಷೆಗಳಲ್ಲಿ ಅದರ ಹೆಸರನ್ನು ಕಿರಿಬಾಟಿ ಎಂದು ಓದುವಂತೆ ಬರೆದಿದ್ದರೂ ಅಲ್ಲಿನ ಜನ ಹೇಳುವುದು ಕಿರಿಬಾಸ್ ಎಂದೇ.

ಸೂರ್ಯ ಕೊಟ್ಟ ಲೆಕ್ಕ

ಭೂಮಿ ಒಂದು ಸುತ್ತು ತಿರುಗಿದರೆ 360 ಡಿಗ್ರಿ, ಅದಕ್ಕೆ 24 ಗಂಟೆ. ಹಾಗಾಗಿ ಗಂಟೆಗೆ 15 ಡಿಗ್ರಿ. 1884ರ ಅಕ್ಟೋಬರಿನಲ್ಲಿ ವಾಷಿಂಗ್ಟನ್‌ನಲ್ಲಿ ಸೇರಿದ 25 ದೇಶಗಳ ಸಮ್ಮೇಳನ ಲಂಡನ್ನಿನ ಗ್ರೀನಿಚ್ ವೀಕ್ಷಣಾಲಯದ ಮೂಲಕ ಹಾಯುವ ರೇಖೆಯನ್ನು ಸೊನ್ನೆ ಡಿಗ್ರಿ ಎಂದು ಒಪ್ಪಿ, ಅಲ್ಲಿಂದ ಪೂರ್ವಕ್ಕೂ ಪಶ್ಚಿಮಕ್ಕೂ 180 ಡಿಗ್ರಿಯವರೆಗೆ ಎಣಿಸಬೇಕೆಂದು ನಿರ್ಣಯಿಸಿತು. ಪೂರ್ವಕ್ಕೆ ಹೋದಂತೆ ಹೊತ್ತು ಮುಂದೆ, ಪಶ್ಚಿಮಕ್ಕೆ ಹೋದಂತೆ ಹಿಂದೆ. ಭಾರತದ ಗಡಿಯಾರ ನಿಂತಿರುವುದು ಮಿರ್ಜಾಪುರದ ಬಳಿ ಹಾಯುವ 82.5 ಡಿಗ್ರಿ ಪೂರ್ವ ರೇಖಾಂಶದ ಮೇಲೆ. ಅದನ್ನು 15ರಿಂದ ಭಾಗಿಸಿದರೆ ಐದೂವರೆ ಸಿಗುತ್ತದೆ.

ಎರಡೂ ಕಡೆಯಿಂದ ಹೊರಟ ಎಣಿಕೆ 180 ಡಿಗ್ರಿಯಲ್ಲಿ ಒಂದನ್ನೊಂದು ಸಂಧಿಸುತ್ತದೆ. ಪೂರ್ವದಿಂದ ಬಂದವರಿಗೆ ಅದು +12, ಪಶ್ಚಿಮದಿಂದ ಬಂದವರಿಗೆ −12. ಇಬ್ಬರ ಗಡಿಯಾರದ ಮುಳ್ಳುಗಳೂ ಒಂದೇ ಕಡೆ ಇರುತ್ತವೆ, ತಾರೀಖು ಮಾತ್ರ ಬೇರೆ. ಹಡಗುಗಳು ಅನುಸರಿಸುವ ಕಾಲವಲಯಗಳಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಅಲ್ಲಿ ಪ್ರತಿ ವಲಯ 15 ಡಿಗ್ರಿ ಅಗಲ, ಆದರೆ 180 ಡಿಗ್ರಿಯ ಮೇಲೆ ಬರುವ ವಲಯವನ್ನು ನಡುವೆ ಸೀಳಿ ಏಳೂವರೆ ಡಿಗ್ರಿಯ ಎರಡು ಹೋಳು ಮಾಡಿದ್ದಾರೆ. ಪಶ್ಚಿಮದ ಹೋಳು +12, ಪೂರ್ವದ ಹೋಳು −12.

ಈ −12ರ ಹೋಳಿನಲ್ಲಿ ಆ ಸಮಯವನ್ನೇ ಹೇಳುವ ನೆಲ ಎರಡೇ ತುಣುಕು: ಅಮೆರಿಕಕ್ಕೆ ಸೇರಿದ ಬೇಕರ್ ಮತ್ತು ಹೌಲ್ಯಾಂಡ್ ದ್ವೀಪಗಳು. ಎರಡರಲ್ಲೂ ಜನವಸತಿಯಿಲ್ಲ, ಇರುವುದು ಕಡಲಹಕ್ಕಿಗಳು. ಜನ ಬದುಕುವ ಊರುಗಳಲ್ಲಿ ಎಲ್ಲಕ್ಕಿಂತ ಹಿಂದಿರುವವು −11ರ ಅಮೆರಿಕನ್ ಸಮೋವಾ ಮತ್ತು ನಿಯುವೆ. ಹಾಗಾಗಿ ಮೈನಸ್ ಹನ್ನೆರಡು ಎಂಬ ತುದಿ ಭೂಗೋಳದ ಲೆಕ್ಕದಿಂದ ತಾನಾಗಿ ಬಂದದ್ದು. ಅದರಲ್ಲಿ ಯಾರ ಹಟವೂ ಇಲ್ಲ, ಯಾರ ಅಗತ್ಯವೂ ಇಲ್ಲ. ಇನ್ನೊಂದು ತುದಿಯ ಕಥೆ ಹಾಗಲ್ಲ.

ತಾರೀಖನ್ನು ಆರಿಸಿಕೊಂಡವರು

ದಿನಾಂಕ ರೇಖೆ 180 ಡಿಗ್ರಿಯ ಮೇಲೇ ಹೋಗಬೇಕೆಂದು ಯಾವ ಒಪ್ಪಂದವೂ ಹೇಳಿಲ್ಲ. 1884ರ ಸಮ್ಮೇಳನವೂ ಅಂಥ ರೇಖೆ ಎಳೆಯಲಿಲ್ಲ. ನಕ್ಷೆಗಳಲ್ಲಿ ನಾವು ನೋಡುವ ಸೊಟ್ಟ ಗೆರೆ, ಆಯಾ ದೇಶಗಳು ತಮ್ಮಲ್ಲಿ ಇಂದು ಯಾವ ತಾರೀಖು ಎಂದು ತಾವೇ ಮಾಡಿಕೊಂಡ ತೀರ್ಮಾನಗಳನ್ನು ನಕ್ಷೆಗಾರರು ಜೋಡಿಸಿ ಎಳೆದದ್ದು. ದೇಶ ತೀರ್ಮಾನ ಬದಲಿಸಿದರೆ ಗೆರೆಯೂ ಜರುಗುತ್ತದೆ.

ಹೀಗೆ ಜರುಗಿದ್ದು ಮೊದಲ ಸಲವೇನಲ್ಲ. ಫಿಲಿಪೀನ್ಸ್ ದ್ವೀಪಗಳಿಗೆ ಸ್ಪೇನಿನವರು ಮೆಕ್ಸಿಕೋ ಕಡೆಯಿಂದ, ಅಂದರೆ ಪೆಸಿಫಿಕ್ ದಾಟಿ ಬಂದಿದ್ದರು. ಬರುವಾಗ ಅಮೆರಿಕದ ತಾರೀಖನ್ನೇ ತಂದರು. ಸುಮಾರು ಮುನ್ನೂರು ವರ್ಷ ಮನಿಲಾ ತನ್ನ ಏಷ್ಯಾದ ನೆರೆಯವರಿಗಿಂತ ಒಂದು ದಿನ ಹಿಂದಿತ್ತು. ಮೆಕ್ಸಿಕೋ ಸ್ವತಂತ್ರವಾಗಿ ಆ ಕಡೆಯ ವ್ಯಾಪಾರ ನಿಂತು, ಚೀನಾ ಮತ್ತು ಸುತ್ತಲ ದೇಶಗಳ ಜೊತೆಗಿನ ವ್ಯವಹಾರವೇ ಮುಖ್ಯವಾದ ಮೇಲೆ, 1844ರ ಡಿಸೆಂಬರ್ 30ರ ಮರುದಿನವನ್ನು 1845ರ ಜನವರಿ 1 ಎಂದು ಘೋಷಿಸಿದರು. ಡಿಸೆಂಬರ್ 31 ಅಲ್ಲಿ ಬರಲೇ ಇಲ್ಲ.

ಸಮೋವಾ ಇದನ್ನು ಎರಡು ಸಲ, ಎರಡು ದಿಕ್ಕಿಗೂ ಮಾಡಿದೆ. ಅಮೆರಿಕದ ವ್ಯಾಪಾರಿಗಳ ಪ್ರಭಾವ ಇದ್ದ ಕಾಲದಲ್ಲಿ, 1892ರಲ್ಲಿ, ಜುಲೈ 4ನ್ನು ಎರಡು ದಿನ ಆಚರಿಸಿ ಅಮೆರಿಕದ ತಾರೀಖಿಗೆ ಸೇರಿಕೊಂಡಿತು. ನೂರಿಪ್ಪತ್ತು ವರ್ಷ ಕಳೆಯುವ ಹೊತ್ತಿಗೆ ಅದರ ವ್ಯಾಪಾರವೂ, ಕೆಲಸ ಹುಡುಕಿ ಹೊರಗೆ ಹೋದ ಜನರ ನಂಟೂ ನ್ಯೂಜಿಲೆಂಡ್ ಮತ್ತು ಆಸ್ಟ್ರೇಲಿಯಾದ ಕಡೆಗಿತ್ತು. 2011ರ ಡಿಸೆಂಬರ್ 30ರ ಶುಕ್ರವಾರವನ್ನು ಬಿಟ್ಟುಬಿಟ್ಟು, ಗುರುವಾರ ಮಲಗಿದ ಜನ ಶನಿವಾರ ಎದ್ದರು. ಪಕ್ಕದ ಅಮೆರಿಕನ್ ಸಮೋವಾ ಇದ್ದಲ್ಲೇ ಉಳಿಯಿತು. ವಿಮಾನದಲ್ಲಿ ಒಂದು ಗಂಟೆಯೂ ಹಿಡಿಯದ ಈ ಎರಡು ನೆಲಗಳ ನಡುವೆ ಇಂದು ಪೂರ್ತಿ ಇಪ್ಪತ್ನಾಲ್ಕು ಗಂಟೆಗಳ ಅಂತರ.

ಎರಡೂ ಕಡೆ ಕಾರಣ ಒಂದೇ. ಯಾರ ಜೊತೆ ಕೊಡುಕೊಳ್ಳುವಿಕೆ ಇದೆಯೋ ಅವರ ವಾರದ ಜೊತೆ ನಮ್ಮ ವಾರವೂ ಹೊಂದಬೇಕು. ಸೂರ್ಯ ಹೊತ್ತನ್ನು ಹೇಳುತ್ತಾನೆ, ನೆರೆಹೊರೆ ತಾರೀಖನ್ನು ಹೇಳುತ್ತದೆ. ಕಿರಿಬಾಸ್‌ನ ತೊಡಕು ಇನ್ನೂ ಗಟ್ಟಿಯಾಗಿತ್ತು. ಅದಕ್ಕೆ ಹೊಂದದೆ ಇದ್ದದ್ದು ನೆರೆಯವರ ಜೊತೆ ಅಲ್ಲ, ತನ್ನ ಜೊತೆಯೇ.

ಎರಡು ತಾರೀಖಿನ ಒಂದು ದೇಶ

ಕಿರಿಬಾಸ್‌ನ ನೆಲವನ್ನೆಲ್ಲ ಒಟ್ಟುಗೂಡಿಸಿದರೆ 811 ಚದರ ಕಿಲೋಮೀಟರ್. ನಮ್ಮ ಒಂದು ತಾಲ್ಲೂಕಿನಷ್ಟು. ಆದರೆ ಆ ನೆಲ 33 ದ್ವೀಪಗಳಾಗಿ ಸುಮಾರು 35 ಲಕ್ಷ ಚದರ ಕಿಲೋಮೀಟರ್ ಸಾಗರದಲ್ಲಿ ಚದುರಿಕೊಂಡಿದೆ. ಪಶ್ಚಿಮದಲ್ಲಿ ಗಿಲ್ಬರ್ಟ್ ದ್ವೀಪಗಳು, ನಡುವೆ ಫೀನಿಕ್ಸ್ ದ್ವೀಪಗಳು, ಪೂರ್ವದಲ್ಲಿ ಲೈನ್ ದ್ವೀಪಗಳು. ರಾಜಧಾನಿ ಇರುವುದೂ, ಬಹುಪಾಲು ಜನ ಇರುವುದೂ ಗಿಲ್ಬರ್ಟ್‌ನ ತರಾವಾದಲ್ಲಿ ಮತ್ತು ಅದರ ಸುತ್ತ. ಲೈನ್ ದ್ವೀಪಗಳಲ್ಲಿ ದೊಡ್ಡದು ಕಿರಿಟಿಮಾಟಿ. ಇದನ್ನೂ ಅಲ್ಲಿನವರು ಉಚ್ಚರಿಸುವುದು ಬೇರೆ, ಕಿರಿಸ್ಮಸ್ ಎಂಬುದಕ್ಕೆ ಹತ್ತಿರವಾಗಿ. ನಾವಿಕ ಜೇಮ್ಸ್ ಕುಕ್ 1777ರ ಕ್ರಿಸ್ಮಸ್ ಹಿಂದಿನ ದಿನ ಅಲ್ಲಿಗೆ ತಲುಪಿದ್ದ. ದೇಶದ ಒಟ್ಟು ನೆಲದ ಹತ್ತಿರಹತ್ತಿರ ಅರ್ಧ ಈ ಒಂದೇ ಹವಳದ್ವೀಪದಲ್ಲಿದೆ. ತರಾವಾದಿಂದ ಅಲ್ಲಿಗೆ ಮೂರು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ.

ಈ ಮೂರೂ ಗುಂಪು ಒಂದೇ ದೇಶವಾದದ್ದು 1979ರ ಜುಲೈ 12ರಂದು ಬ್ರಿಟನ್ನಿನಿಂದ ಸ್ವಾತಂತ್ರ್ಯ ಸಿಕ್ಕಾಗ. ಫೀನಿಕ್ಸ್ ಮತ್ತು ಲೈನ್ ದ್ವೀಪಗಳ ಮೇಲೆ ಅಮೆರಿಕಕ್ಕೂ ಹಕ್ಕೊತ್ತಾಯವಿತ್ತು. ಅದೇ ವರ್ಷ ತರಾವಾದಲ್ಲಿ ಸಹಿಯಾದ ಒಪ್ಪಂದದಲ್ಲಿ ಅಮೆರಿಕ ಅದನ್ನು ಬಿಟ್ಟುಕೊಟ್ಟಿತು. ಹೊಸ ದೇಶಕ್ಕೆ ದ್ವೀಪಗಳ ಜೊತೆಗೆ ದಿನಾಂಕ ರೇಖೆಯೂ ಬಂತು, ದೇಶದ ನಡುವೆಯೇ ಹಾಯ್ದು. ಗಿಲ್ಬರ್ಟ್‌ಗೆ +12, ಫೀನಿಕ್ಸ್‌ಗೆ −11, ಲೈನ್ ದ್ವೀಪಗಳಿಗೆ −10.

ಇದರಿಂದ ಆಡಳಿತಕ್ಕೆ ಆಗುತ್ತಿದ್ದ ತೊಂದರೆಯನ್ನು ಒಂದು ವಾರ ಹಿಡಿದು ನೋಡೋಣ. ತರಾವಾಕ್ಕೂ ಕಿರಿಟಿಮಾಟಿಗೂ ಆಗ 22 ಗಂಟೆ ಅಂತರ. ತರಾವಾದಲ್ಲಿ ಸೋಮವಾರ ಬೆಳಗ್ಗೆ ಒಂಬತ್ತಕ್ಕೆ ಕಚೇರಿ ತೆರೆದಾಗ ಕಿರಿಟಿಮಾಟಿಯಲ್ಲಿ ಭಾನುವಾರ ಬೆಳಗ್ಗೆ ಹನ್ನೊಂದು, ಕಚೇರಿಗೆ ರಜೆ. ಮಂಗಳವಾರ, ಬುಧವಾರ, ಗುರುವಾರ, ಶುಕ್ರವಾರ ಎರಡೂ ಕಡೆ ಕೆಲಸ. ಕಿರಿಟಿಮಾಟಿಯ ನೌಕರ ತನ್ನ ಶುಕ್ರವಾರ ಬೆಳಗ್ಗೆ ರಾಜಧಾನಿಗೆ ಏನಾದರೂ ಕೇಳಬೇಕೆಂದರೆ, ಅಲ್ಲಿ ಆಗಲೇ ಶನಿವಾರ, ಕಚೇರಿಗೆ ಬೀಗ. ಹೀಗೆ ಒಂದೇ ಸರ್ಕಾರದ ಎರಡು ಕಚೇರಿಗಳಿಗೆ ವಾರದಲ್ಲಿ ಜೊತೆಯಾಗಿ ಸಿಗುತ್ತಿದ್ದದ್ದು ನಾಲ್ಕೇ ದಿನ. ಒಬ್ಬರ ಭಾನುವಾರ ಇನ್ನೊಬ್ಬರ ಶನಿವಾರ. ಒಂದು ತಾರೀಖಿಗೆ ಜಾರಿಗೆ ಬರುವ ಆದೇಶ ಪಶ್ಚಿಮದಲ್ಲಿ ಸುಮಾರು ಒಂದು ದಿನ ಮೊದಲೇ ಜಾರಿಯಾಗುತ್ತಿತ್ತು.

ಪರಿಹಾರಕ್ಕೆ ಎರಡು ದಾರಿ ಇದ್ದವು. ಗಿಲ್ಬರ್ಟ್ ದ್ವೀಪಗಳನ್ನು ಒಂದು ದಿನ ಹಿಂದಕ್ಕೆ ತರಬಹುದಿತ್ತು. ಆದರೆ ಅಲ್ಲಿರುವುದು ಬಹುಸಂಖ್ಯಾತರು. ಅವರ ವ್ಯವಹಾರ ಇರುವುದು ಫಿಜಿ, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳ ಜೊತೆ. ದೇಶದಲ್ಲಿ ಚಲಾವಣೆಯಲ್ಲಿರುವುದೇ ಆಸ್ಟ್ರೇಲಿಯಾದ ಡಾಲರ್. ಅವರ ವಾರವನ್ನು ಕೆಡಿಸಿದರೆ ಒಂದು ತೊಂದರೆ ಹೋಗಿ ದೊಡ್ಡದೊಂದು ಬರುತ್ತಿತ್ತು. ಹಾಗಾಗಿ ಪೂರ್ವದ ದ್ವೀಪಗಳನ್ನು ಒಂದು ದಿನ ಮುಂದಕ್ಕೆ ತರುವುದೇ ಉಳಿದ ದಾರಿ. ತೆಬುರೊರೊ ತಿತೊ 1994ರಲ್ಲಿ ಅಧ್ಯಕ್ಷರಾದ ಮೇಲೆ ಇದು ಜಾರಿಗೆ ಬಂತು. 1994 ಮುಗಿದು 1995 ಶುರುವಾಗುವ ಹೊತ್ತಿಗೆ ಫೀನಿಕ್ಸ್ ಮತ್ತು ಲೈನ್ ದ್ವೀಪಗಳ ಜನ ಒಂದು ತಾರೀಖನ್ನು ಹಾರಿಸಿ ತರಾವಾದ ದಿನಕ್ಕೆ ಬಂದು ಸೇರಿದರು.

ಆ ಬದಲಾವಣೆಯಲ್ಲಿ ಒಬ್ಬರೂ ಗಡಿಯಾರದ ಮುಳ್ಳು ಮುಟ್ಟಬೇಕಾಗಿರಲಿಲ್ಲ. −10ಕ್ಕೆ 24 ಗಂಟೆ ಸೇರಿಸಿದರೆ +14. −11ಕ್ಕೆ ಸೇರಿಸಿದರೆ +13. ಸೂರ್ಯ ಹಿಂದಿನ ಹೊತ್ತಿಗೇ ಹುಟ್ಟಿದ, ಹಿಂದಿನ ಹೊತ್ತಿಗೇ ಮುಳುಗಿದ. ತರಾವಾದಲ್ಲಿ ಸೋಮವಾರ ಬೆಳಗ್ಗೆ ಒಂಬತ್ತಾದಾಗ ಕಿರಿಟಿಮಾಟಿಯಲ್ಲಿ ಮೊದಲಿನಂತೆಯೇ ಬೆಳಗ್ಗೆ ಹನ್ನೊಂದು, ಆದರೆ ಈಗ ಅದು ಸೋಮವಾರದ ಹನ್ನೊಂದು. 22 ಗಂಟೆಯಿದ್ದ ಅಂತರ ಎರಡು ಗಂಟೆಗೆ ಇಳಿಯಿತು. ರೇಖಾಂಶ ನೋಡಿದರೂ ಅಷ್ಟೇ: 173 ಡಿಗ್ರಿ ಪೂರ್ವದ ತರಾವಾದಿಂದ 157 ಡಿಗ್ರಿ ಪಶ್ಚಿಮದ ಕಿರಿಟಿಮಾಟಿಗೆ 30 ಡಿಗ್ರಿ, ಅಂದರೆ ಸರಿಯಾಗಿ ಎರಡು ಗಂಟೆಯ ದೂರ.

ಹವಾಯಿಯ ಹೊನೊಲುಲು ಕಿರಿಟಿಮಾಟಿಯ ನೇರ ಉತ್ತರಕ್ಕೆ ಇದೆ ಎನ್ನಬಹುದು. ಅದೂ 157 ಡಿಗ್ರಿಗೆ ಸ್ವಲ್ಪ ಹೆಚ್ಚು ಪಶ್ಚಿಮದಲ್ಲಿದೆ, ಅದರ ಗಡಿಯಾರ −10. ಎರಡೂ ಊರಿನ ಗೋಡೆಗಡಿಯಾರಗಳು ನಿಮಿಷ ತಪ್ಪದೆ ಒಂದೇ ಸಮಯ ತೋರಿಸುತ್ತವೆ. ಗೋಡೆಯ ಕ್ಯಾಲೆಂಡರುಗಳು ಮಾತ್ರ ಒಂದು ದಿನ ಬೇರೆ.

ಜಗತ್ತಿನ ಕಣ್ಣು ಬಿದ್ದದ್ದು

ಕಚೇರಿ ಕೆಲಸಕ್ಕಾಗಿ ಮಾಡಿದ ಈ ತಿದ್ದುಪಡಿ ಐದು ವರ್ಷದ ನಂತರ ಲೋಕದ ಗಮನ ಸೆಳೆಯಿತು. 2000ನೇ ಇಸವಿಯನ್ನು ಮೊದಲು ಸ್ವಾಗತಿಸುವವರು ಯಾರು ಎಂಬ ಪೈಪೋಟಿ ಪೆಸಿಫಿಕ್ ದೇಶಗಳಲ್ಲಿ ಶುರುವಾಗಿತ್ತು. ಲೈನ್ ದ್ವೀಪಗಳ ಪೂರ್ವದ ಕೊನೆಯಲ್ಲಿ, 150 ಡಿಗ್ರಿ ಪಶ್ಚಿಮದಲ್ಲಿರುವ ಜನವಸತಿಯಿಲ್ಲದ ಕ್ಯಾರೊಲಿನ್ ದ್ವೀಪಕ್ಕೆ ಕಿರಿಬಾಸ್ ಸರ್ಕಾರ ಮಿಲೇನಿಯಂ ದ್ವೀಪ ಎಂದು ಹೆಸರಿಟ್ಟಿತು. ಆ ರಾತ್ರಿ ಅಲ್ಲಿ ನಡೆದ ಹಾಡು ಕುಣಿತ ಟೆಲಿವಿಷನ್ ಮೂಲಕ ದೇಶದೇಶಗಳಿಗೆ ತಲುಪಿತು. ಅದುವರೆಗೆ +13ರಲ್ಲಿ ಮುಂದಿದ್ದ ಟೊಂಗಾ 1999ರಲ್ಲಿ ಬೇಸಿಗೆ ಗಡಿಯಾರ ಜಾರಿಗೆ ತಂದು, ತಾನೂ ಆ ಹೊಸ ವರ್ಷಕ್ಕೆ +14 ಮಾಡಿಕೊಂಡಿತು. ಸಮೋವಾ ಕೂಡ 2011ರ ಬದಲಾವಣೆಯ ನಂತರ ಹಲವು ಬೇಸಿಗೆಗಳಲ್ಲಿ +14 ಮುಟ್ಟುತ್ತಿತ್ತು, 2021ರಲ್ಲಿ ಆ ಪದ್ಧತಿ ಕೈಬಿಟ್ಟಿತು. ಈಗ ವರ್ಷವಿಡೀ +14ರಲ್ಲಿ ಇರುವುದು ಲೈನ್ ದ್ವೀಪಗಳು ಮಾತ್ರ.

ನಕ್ಷೆಯಲ್ಲಿ ಇದರಿಂದಾದ ಪರಿಣಾಮ ವಿಚಿತ್ರವಾಗಿದೆ. ಸಮಭಾಜಕದ ಗುಂಟ ತರಾವಾದಿಂದ ಪೂರ್ವಕ್ಕೆ ಹೊರಟರೆ ಮೊದಲು +12, ಆಮೇಲೆ ಜನರಿಲ್ಲದ ಹೌಲ್ಯಾಂಡ್ ಮತ್ತು ಬೇಕರ್‌ನಲ್ಲಿ −12, ಅಲ್ಲಿಂದ ಫೀನಿಕ್ಸ್ ದ್ವೀಪಗಳಲ್ಲಿ +13, ಕೊನೆಗೆ ಕಿರಿಟಿಮಾಟಿಯಲ್ಲಿ +14. ಅತ್ಯಂತ ಹಿಂದಿನ ಗಡಿಯಾರ ಅತ್ಯಂತ ಮುಂದಿನ ಗಡಿಯಾರದ ದೇಶದ ನಡುವೆಯೇ ಸಿಕ್ಕಿಕೊಂಡಿದೆ. ಬೇಕರ್‌ಗೂ ಕಿರಿಟಿಮಾಟಿಗೂ ಇರುವುದು ಸುಮಾರು 19 ಡಿಗ್ರಿ. ಸೂರ್ಯನಿಗೆ ಅದು ಒಂದೂಕಾಲು ಗಂಟೆಯ ದಾರಿ. ಗಡಿಯಾರಗಳ ಪ್ರಕಾರ ಮಾತ್ರ ಅವೆರಡರ ನಡುವೆ 26 ಗಂಟೆ.

ಎರಡು ಗಂಟೆ ಹೆಚ್ಚಾದದ್ದರಿಂದ

ಈ ಹರವಿನಿಂದ ಲೋಕದ ಲೆಕ್ಕವೇ ಬದಲಾಗಿದೆ. ಯಾವುದೇ ತಾರೀಖು ಭೂಮಿಯ ಮೇಲೆ ಎಲ್ಲೋ ಒಂದು ಕಡೆ ಇರುವುದು 24 ಗಂಟೆಯಲ್ಲ, 50 ಗಂಟೆ. ಜನವರಿ 1 ಶುರುವಾಗುವುದು ನಮ್ಮ ಡಿಸೆಂಬರ್ 31ರ ಮಧ್ಯಾಹ್ನ ಮೂರೂವರೆಗೆ, ಕಿರಿಟಿಮಾಟಿಯಲ್ಲಿ. ಅದು ಕೊನೆಗೊಳ್ಳುವುದು ನಮ್ಮ ಜನವರಿ 2ರ ಸಂಜೆ ಐದೂವರೆಗೆ, ಬೇಕರ್ ದ್ವೀಪದಲ್ಲಿ. ಇನ್ನೊಂದು ಪರಿಣಾಮ: ಇಡೀ ಭೂಮಿಯ ಮೇಲೆ ಒಂದೇ ತಾರೀಖು ಇರುವ ಗಳಿಗೆ ಈಗ ಇಲ್ಲವೇ ಇಲ್ಲ. ಒಂದು ತುದಿಯಲ್ಲಿ ಹಿಂದಿನ ದಿನ ಮುಗಿಯುವ ಮೊದಲೇ ಇನ್ನೊಂದು ತುದಿಯಲ್ಲಿ ಮುಂದಿನ ದಿನ ಶುರುವಾಗಿರುತ್ತದೆ.

ಇದು ಬರಿಯ ಕೌತುಕದ ಮಾತಲ್ಲ. ಕಂಪ್ಯೂಟರ್ ತಂತ್ರಾಂಶ ಬರೆಯುವವರು ಇಲ್ಲೇ ಎಡವುತ್ತಾರೆ. ಹುಟ್ಟಿದ ದಿನದಂಥ ಬರೀ ತಾರೀಖನ್ನು ಉಳಿಸಿಡುವಾಗ, ಆ ದಿನದ ಯುಟಿಸಿ ನಡುಹಗಲು ಹನ್ನೆರಡು ಗಂಟೆ ಎಂದು ದಾಖಲಿಸುವ ಉಪಾಯ ಬಳಕೆಯಲ್ಲಿದೆ. ಎರಡೂ ಕಡೆ ಹನ್ನೆರಡು ಗಂಟೆ ಬಿಡುವಿದ್ದರೆ ತಾರೀಖು ಎಲ್ಲೂ ಬದಲಾಗದು ಎಂಬ ನಂಬಿಕೆ ಅದರ ಹಿಂದಿದೆ. ಆಗಸ್ಟ್ 15 ಎಂದು ಹೀಗೆ ಬರೆದಿಟ್ಟರೆ ಬೆಂಗಳೂರಿನಲ್ಲಿ ಅದು 15ರ ಸಂಜೆ ಐದೂವರೆ, ಹೊನೊಲುಲುವಿನಲ್ಲಿ 15ರ ನಸುಕಿನ ಎರಡು ಗಂಟೆ, ಎರಡೂ ಸರಿ. ನ್ಯೂಜಿಲೆಂಡಿನಲ್ಲಿ ಮಾತ್ರ ಆಗ 16ರ ಮೊದಲ ಗಳಿಗೆ, ಕಿರಿಟಿಮಾಟಿಯಲ್ಲಿ 16ರ ನಸುಕಿನ ಎರಡು. ಅಲ್ಲಿನವರ ತೆರೆಯ ಮೇಲೆ ಹುಟ್ಟುಹಬ್ಬ ಒಂದು ದಿನ ತಡವಾಗಿ ಕಾಣುತ್ತದೆ. ಪೆಸಿಫಿಕ್ ಕಡೆಯ ಬಳಕೆದಾರರಿಂದ ಮಾತ್ರ ಒಂದು ದಿನ ವ್ಯತ್ಯಾಸದ ದೂರು ಬರುತ್ತಿದ್ದರೆ ಕಾರಣ ಬಹುಮಟ್ಟಿಗೆ ಇದೇ. ತಾರೀಖನ್ನು ಗಂಟೆಯಿಲ್ಲದೆ, ಬರೀ ತಾರೀಖಾಗಿಯೇ ಉಳಿಸುವುದೊಂದೇ ಸರಿಯಾದ ದಾರಿ.

ಕಂಪ್ಯೂಟರುಗಳು ಬಳಸುವ ಕಾಲವಲಯಗಳ ಪಟ್ಟಿಯಲ್ಲಿ ಕಿರಿಟಿಮಾಟಿಯ ಹೆಸರು `Pacific/Kiritimati`. ಅದೇ ಪಟ್ಟಿಯಲ್ಲಿ `Etc/GMT-14` ಎಂಬ ಹೆಸರೂ ಇದೆ. ಮೈನಸ್ ಚಿಹ್ನೆ ಇದ್ದರೂ ಅದು +14. ಪಶ್ಚಿಮವನ್ನು ಪ್ಲಸ್ ಎಂದು ಎಣಿಸುವ ಒಂದು ಹಳೆಯ ಕಂಪ್ಯೂಟರ್ ರೂಢಿಯಿಂದ ಅಲ್ಲಿ ಚಿಹ್ನೆ ತಿರುವುಮುರುವಾಗಿದೆ. ಇದನ್ನು ಅರಿಯದೆ ಆರಿಸಿದವರ ಲೆಕ್ಕ 28 ಗಂಟೆ ತಪ್ಪುತ್ತದೆ.

ಜನರಿಲ್ಲದ −12 ಕೂಡ ಹೀಗೆಯೇ ಬಳಕೆಗೆ ಬಂದಿದೆ. ಅಂತರರಾಷ್ಟ್ರೀಯ ಸಂಶೋಧನಾ ಸಮ್ಮೇಳನಗಳು ಪ್ರಬಂಧ ಕಳಿಸಲು ಕೊನೆಯ ದಿನ ಹೇಳುವಾಗ ‘ಎನಿವೇರ್ ಆನ್ ಅರ್ತ್’ ಎಂದು ಸೇರಿಸುವುದುಂಟು. ಭೂಮಿಯ ಮೇಲೆ ಎಲ್ಲಾದರೂ ಆ ತಾರೀಖು ಉಳಿದಿರುವವರೆಗೆ ಕಳಿಸಬಹುದು ಎಂದು ಅದರ ಅರ್ಥ. ಲೆಕ್ಕ ಹಿಡಿಯುವುದು −12ರ ಗಡಿಯಾರದಿಂದ. ಹತ್ತನೇ ತಾರೀಖು ಕೊನೆ ಎಂದಿದ್ದರೆ ಬೆಂಗಳೂರಿನ ಸಂಶೋಧಕರಿಗೆ ಹನ್ನೊಂದರ ಸಂಜೆ ಐದೂವರೆಯವರೆಗೆ ಬಿಡುವು ಸಿಗುತ್ತದೆ.

+14ಕ್ಕಿಂತ ಮುಂದೆ ಹೋಗಬಾರದೆಂಬ ಕಟ್ಟಳೆ ಎಲ್ಲೂ ಇಲ್ಲ. ಫ್ರೆಂಚ್ ಪಾಲಿನೇಷ್ಯಾದ ಮಾರ್ಕೆಸಾಸ್ ದ್ವೀಪಗಳು ಈಗ −9:30ರಲ್ಲಿವೆ. ಅವು ನಾಳೆ ಏಷ್ಯಾದ ತಾರೀಖಿಗೆ ಸೇರಲು ತೀರ್ಮಾನಿಸಿದರೆ +14:30 ಆಗುತ್ತವೆ, ಭೂಮಿಯ ಹರವು ಇನ್ನೂ ಅರ್ಧ ಗಂಟೆ ಹಿಗ್ಗುತ್ತದೆ. ಹಾಗಾಗದೆ ಇರುವುದು ಅವರಿಗೆ ಸದ್ಯ ಅದರ ಅಗತ್ಯ ಇಲ್ಲದ್ದರಿಂದ. ಯಾವುದೇ ಊರಿನ ಅಂತರ ಹನ್ನೆರಡನ್ನು ಮೀರಿದ್ದು ಕಂಡರೆ ಅದರಿಂದ 24 ಕಳೆದು ನೋಡಬೇಕು. ಉಳಿಯುವ ಅಂಕಿ ಆ ಊರಿನ ನೆತ್ತಿಯ ಮೇಲೆ ಸೂರ್ಯ ಎಲ್ಲಿದ್ದಾನೆಂದು ಹೇಳುತ್ತದೆ. ಕಳೆದ 24 ಗಂಟೆ, ಆ ಊರಿನವರು ತಮ್ಮ ವಾರವನ್ನು ಯಾರ ಜೊತೆ ಹಂಚಿಕೊಳ್ಳಲು ಬಯಸಿದರು ಎಂಬುದನ್ನು ಹೇಳುತ್ತದೆ.